ಅರ್ಧಕ್ಕೆ ನಿಲ್ಲದ ಪರಿಚಯ

ಮೈಕ್ ಸೆಟ್ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ ಮೊದಲ ವಾರದಲ್ಲೇ ನನ್ನ ಮರ್ಯಾದೆ ಹೋಯಿತು. ಸಭಾಭವನವೊಂದರಲ್ಲಿ ಬೆಳಿಗ್ಗೆಯಿಂದ ವೈರು ಎಳೆದು, ಸ್ಪೀಕರ್ ಡಬ್ಬಗಳನ್ನು ಜೋಡಿಸಿ, ಬೆವರು ಒರೆಸಿಕೊಳ್ಳುತ್ತಾ ನಿಂತಿದ್ದೆ. ವೇದಿಕೆಯ ಮೇಲೆ ನಿರೂಪಣೆ ಮಾಡುತ್ತಿದ್ದ ಹೆಂಗಸು, "ಈಗ ಅತಿಥಿಗಳ ಪರಿಚಯ ಮಾಡಿಕೊಡುತ್ತೇನೆ" ಎಂದರು. ಅಷ್ಟು ದೊಡ್ಡ ಮನುಷ್ಯರ ಪರಿಚಯವನ್ನು ನನ್ನಂಥವನಿಗೂ ಮಾಡಿಸಿಕೊಡುವ ಸೌಜನ್ಯ ಈ ಊರಿನಲ್ಲಿ ಇನ್ನೂ ಉಳಿದಿದೆಯಲ್ಲ ಎಂದು ನನ್ನ ಕಣ್ಣು ತುಂಬಿ ಬಂತು. ತಲೆ ಬಾಚಿಕೊಂಡು, ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು, ನೇರವಾಗಿ ವೇದಿಕೆ ಹತ್ತಿ ಅತಿಥಿಗಳ ಮುಂದೆ ಕೈ ಚಾಚಿ ನಿಂತೆ. ಅವರು ಪಾಪ, ನನ್ನ ಕೈಗೆ ತಮ್ಮ ಖಾಲಿ ನೀರಿನ ಲೋಟ ಕೊಟ್ಟರು.

ಸಭೆಯೆಲ್ಲ ಗೊಳ್ಳೆಂದಿತು. ಆ ಹೆಂಗಸು ಮಾತ್ರ ನಗಲಿಲ್ಲ. "ಲೋಟ ಅಲ್ಲಿಡಪ್ಪ, ಮೈಕಿನ ಸದ್ದು ಒಂದು ಚೂರು ಕಮ್ಮಿ ಮಾಡು" ಎಂದು ಮೆಲ್ಲಗೆ ಹೇಳಿ, ಬಿಟ್ಟ ಸಾಲಿನಿಂದಲೇ ಮುಂದುವರಿಸಿದರು. ನಾನು ಅದೇ ಕೆಲಸಕ್ಕೆ ಬಂದವನಂತೆ ಕೆಳಗಿಳಿದೆ. ಇಂಗು ತಿಂದ ಮಂಗನಿಗೂ ಆ ದಿನ ನನಗಿಂತ ಒಳ್ಳೆಯ ಮುಖವಿದ್ದಿರಬೇಕು.

ಅವರನ್ನು ಎಲ್ಲರೂ ಲೈಬ್ರರಿ ಅಕ್ಕ ಎನ್ನುತ್ತಾರೆ. ಓದುವ ಕೋಣೆಯ ಬಾಗಿಲ ಬಳಿಯ ಮೇಜು ಅವರದು. ಪುಸ್ತಕ ಕೊಡುವುದು, ವಾಪಸು ಪಡೆಯುವುದು, ದಿನಪತ್ರಿಕೆಯಿಂದ ಅಡುಗೆಯ ಪುಟ ಹರಿದುಕೊಂಡು ಹೋಗುವವರನ್ನು ಹಿಡಿಯುವುದು ಸಂಬಳದ ಕೆಲಸ. ನಿರೂಪಣೆಗೆ ಸಂಬಳವಿಲ್ಲ. ದನಿ ಇಂಪು ಅಂತಲೂ ಅಲ್ಲ. "ನಮ್ಮಕ್ಕನ ದನಿ ಸಣ್ಣ ಮಕ್ಕಳನ್ನ ಮಲಗಿಸಲ್ಲ, ಎಬ್ಬಿಸುತ್ತೆ" ಎಂದು ಅವರ ತಮ್ಮನೇ ಹೇಳುತ್ತಾನೆ. ಆದರೆ ಆ ದನಿಗೆ ಒಂದು ಪಾಠಶಾಲೆ ಇತ್ತು. ತಾಯಿಗೆ ಮೂವತ್ತು ವರ್ಷದಿಂದ ಕಿವಿ ಮಂದ. ಮನೆಯವರೆಲ್ಲ ಕಿರುಚಿ ಕಿರುಚಿ ಸೋತರು, ಇವರೊಬ್ಬರು ಕಿರುಚಲಿಲ್ಲ.

"ಕಿರುಚಿದ್ರೆ ದನಿ ಕೀರಲಾಗುತ್ತೆ ಕಣಪ್ಪ. ಕೀರಲು ದನಿ ಅಮ್ಮಂಗೆ ಇನ್ನೂ ಕೇಳಿಸಲ್ಲ, ಕೋಪ ಮಾತ್ರ ಕೇಳಿಸುತ್ತೆ," ಎಂದು ಒಮ್ಮೆ ನನಗೆ ವಿವರಿಸಿದ್ದರು. "ಮುಖ ಕಾಣೋ ಹಾಗೆ ನಿಂತ್ಕೋ, ದನಿ ಕೆಳಗಿಳಿಸು, ಒಂದೊಂದೇ ಮಾತು ಬಿಡು. ಅಷ್ಟೇ."

ಪರಿಚಯ ಮಾಡುವುದಕ್ಕೆ ಅವರದೇ ಒಂದು ಕ್ರಮ. ವಾರ ಮೊದಲೇ ಪರಿಚಯಿಸಬೇಕಾದವರ ಮನೆಗೆ ಹೋಗಿ ಕೂರುತ್ತಾರೆ. ಕೇಳಿದ್ದನ್ನು ಮೂರು ರಟ್ಟಿನ ತುಂಡುಗಳ ಮೇಲೆ ದಪ್ಪ ಅಕ್ಷರದಲ್ಲಿ ಬರೆಯುತ್ತಾರೆ. ಒಂದೇ ಮಗ್ಗುಲಿಗೆ, ಹಿಂದೆ ಮುಂದೆ ತಿರುಗಿಸುವ ಗೊಡವೆ ಬೇಡವೆಂದು. ಹೆಸರು ಕಟ್ಟಕಡೆಗೆ. "ಇವರಿಗೆ ಪರಿಚಯದ ಅಗತ್ಯವೇ ಇಲ್ಲ" ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ಮೂಗು ಮುರಿಯುತ್ತಾರೆ: "ಮನೆಪಾಠ ಮಾಡದವನು ಹೇಳೋ ಮಾತು ಅದು."

ಈ ವರ್ಷ ಓದುಗರ ಸಂಘದ ವಾರ್ಷಿಕ ಸಭೆಯಲ್ಲಿ ಯಾರನ್ನು ಸನ್ಮಾನಿಸಬೇಕು ಎಂಬ ಚರ್ಚೆಯಲ್ಲಿ ಅಕ್ಕ ಹಟ ಹಿಡಿದು ಒಬ್ಬರ ಹೆಸರು ಹೇಳಿದರು: ಊರಿಗೆಲ್ಲ ನೀರು ಬಿಡುತ್ತಿದ್ದ ವಾಲ್ವ್ ಅಜ್ಜ. ಮೂವತ್ತನಾಲ್ಕು ವರ್ಷ ಬೀದಿಬೀದಿಯ ವಾಲ್ವ್ ತಿರುಗಿಸಿ ನಿವೃತ್ತರಾದವರು. ಸಂಘದ ಅಧ್ಯಕ್ಷರು ಹಲ್ಲು ಕಚ್ಚಿ ಒಪ್ಪಿದರು. ಆದರೆ ಅಜ್ಜ ಒಪ್ಪಲಿಲ್ಲ. ಕೇಳಲು ಅವರ ಮನೆಗೆ ಅಕ್ಕನ ಜೊತೆ ನಾನೂ ಹೋಗಿದ್ದೆ; ಅಕ್ಕನ ಸ್ಕೂಟರ್ ಕೆಟ್ಟಿತ್ತು, ನನ್ನದು ಕೆಡಲು ಇನ್ನೂ ಎರಡು ದಿನ ಇತ್ತು.

"ನನ್ನ ಬಗ್ಗೆ ಏನ್ ಹೇಳ್ತೀಯಮ್ಮ? ಊರಿಗೇ ಗೊತ್ತಲ್ಲ, ಎರಡು ದಿನ ನೀರು ನಿಲ್ಲಿಸಿದ ಕಳ್ಳ ಅಂತ," ಎಂದರು ಅಜ್ಜ.

"ಯಾಕೆ ನಿಲ್ಲಿಸಿದ್ರಿ ಅಂತ ಊರಿಗೆ ಗೊತ್ತಾ?"

ಅಜ್ಜನ ಹೆಂಡತಿ ಒಳಗಿನಿಂದಲೇ, "ಹೇಳ್ರೀ, ಇವತ್ತಾದ್ರೂ" ಎಂದರು. ಆಮೇಲೆ ಎಲ್ಲ ಹೊರಬಿತ್ತು. ಹನ್ನೆರಡು ವರ್ಷದ ಹಿಂದೆ ಒಂದು ಬೆಳಗ್ಗೆ ನೀರಿನಲ್ಲಿ ಅವರಿಗೆ ಚರಂಡಿಯ ವಾಸನೆ ಬಂದಿತ್ತು. ಮೇಲಿನವರು ಫೋನ್ ಎತ್ತಲಿಲ್ಲ. ಅಪ್ಪಣೆಗೆ ಕಾಯದೆ ದೊಡ್ಡ ವಾಲ್ವನ್ನೇ ಮುಚ್ಚಿ, ಅದನ್ನು ತಿರುಗಿಸುವ ಕೀಲಿಯನ್ನು ಸೊಂಟಕ್ಕೆ ಕಟ್ಟಿಕೊಂಡು ಅಲ್ಲೇ ಕೂತರು. ಟ್ಯಾಂಕರಿನವರ ಹತ್ತಿರ ಕಾಸು ತಿಂದಿದ್ದಾನೆ ಎಂದು ಊರೆಲ್ಲ ಉಗಿಯಿತು. ಮೂರನೆಯ ದಿನ ಅಗೆದಾಗ ಒಡೆದ ಕೊಳವೆಯೊಳಗೆ ಚರಂಡಿ ನೀರು ಸೇರಿದ್ದು ಕಂಡಿತು. ಸದ್ದಿಲ್ಲದೆ ಸರಿಮಾಡಿದರು. ಅಜ್ಜನನ್ನು ಮಾತ್ರ ಅಮಾನತು ಮಾಡಿ ಎರಡು ತಿಂಗಳು ಮನೆಯಲ್ಲಿ ಕೂರಿಸಿದರು.

"ಪೂರ್ತಿ ಹೇಳ್ತೀಯಾ ಅಂದ್ರೆ ಬರ್ತೀನಿ," ಎಂದರು ಅಜ್ಜ. "ಅರ್ಧಕ್ಕೆ ಬಿಡೋ ಹಾಗಿದ್ರೆ ಬೇಡವೇ ಬೇಡ. ನನ್ನನ್ನ ಕಳ್ಳ ಅಂದೋರೆಲ್ಲ ಅರ್ಧ ಕತೆ ಕೇಳಿದೋರೇ."

"ಪೂರ್ತಿ ಹೇಳ್ತೀನಿ," ಎಂದರು ಅಕ್ಕ. ಬರುವ ದಾರಿಯಲ್ಲಿ ಕೊಳವೆ ದುರಸ್ತಿಯ ಹಳೆಯ ಕಾಗದ ನೀರಿನ ಕಚೇರಿಯ ಯಾವ ಕಪಾಟಿನಲ್ಲಿ ಸಿಗಬಹುದು ಎಂಬುದೊಂದೇ ಮಾತು. ನಾಲ್ಕು ದಿನ ಕಚೇರಿ ಸುತ್ತಿ ಅದರ ಪ್ರತಿ ತಂದರು.

ಸಭೆಯ ದಿನ ಮಧ್ಯಾಹ್ನ ಮೂರು ಗಂಟೆ. ಭವನದ ತುಂಬ ಜನ, ಕಿಟಕಿಗಳಿಗೆಲ್ಲ ದಪ್ಪ ಪರದೆ. ಜನರೇಟರ್ ಅಂಗಡಿಯಲ್ಲಿ ಸುಖವಾಗಿತ್ತು. ಹಾಡಹಗಲಲ್ಲಿ ಅದನ್ನು ಹೊರುವ ಕರ್ಮ ಏಕೆಂದು ನಾನೇ ಬಿಟ್ಟು ಬಂದಿದ್ದೆ. ಈ ನಿರ್ಧಾರಕ್ಕಾಗಿ ಬೆಳಿಗ್ಗೆ ನನ್ನ ಬೆನ್ನು ನನಗೆ ಕೃತಜ್ಞತೆ ಹೇಳಿತ್ತು.

ಅಜ್ಜ ಇಸ್ತ್ರಿಯ ಗೆರೆ ಮುರಿಯದಂತೆ ವೇದಿಕೆಯ ಕುರ್ಚಿಯ ತುದಿಯಲ್ಲಿ ಕೂತಿದ್ದರು. ಅಕ್ಕ ಎರಡನೆಯ ರಟ್ಟು ಮೇಲಕ್ಕೆ ತಂದುಕೊಂಡು ಹೇಳಿದರು: "ಹನ್ನೆರಡು ವರ್ಷಗಳ ಹಿಂದೆ, ಯಾರ ಅಪ್ಪಣೆಯೂ ಇಲ್ಲದೆ, ಎರಡು ದಿನ ಈ ಊರಿನ ನೀರನ್ನು ನಿಲ್ಲಿಸಿದವರು ಇವರೇ."

ಟಪ್.

ದೀಪ, ಫ್ಯಾನು, ಮೈಕು, ಒಟ್ಟಿಗೆ ಹೋದವು. ಅರೆಗತ್ತಲು. ನಾನು ಹಿಂದಿನಿಂದ ಗಟ್ಟಿಯಾಗಿ, "ಕರೆಂಟ್ ಹೋಯ್ತು!" ಎಂದು ಕೂಗಿದೆ, ಬೇರೆ ಯಾರಿಗೂ ಗೊತ್ತಾಗಿರಲಿಕ್ಕಿಲ್ಲ ಎಂಬಂತೆ.

ನಡುವಿನ ಸಾಲಿನಿಂದ ಒಬ್ಬ, "ಅಯ್ಯೋ, ಆ ಮನುಷ್ಯ ಇವನೇನಾ! ಕರೆಂಟನ್ನೂ ಇವನೇ ನಿಲ್ಲಿಸಿದನೋ ಏನೋ!" ಎಂದ. ನಗೆ ಎದ್ದಿತು. ಕೆಲವರು ಎದ್ದರು. ಕುರ್ಚಿಗಳು ಕರ್ರೆಂದವು. ಅಜ್ಜ ಮೊಣಕಾಲಿನ ಮೇಲೆ ಎರಡೂ ಕೈ ಊರಿದ್ದು ನನಗೆ ಕಂಡಿತು. ಎದ್ದು ಹೋಗುವವರು ಹಾಗೆಯೇ ಕೈ ಊರುವುದು. ಅವರು ಬೇಡವೆಂದಿದ್ದ ಅರ್ಧ ಕತೆಯೇ ಮುನ್ನೂರು ಜನರ ಕೈಗೆ ಸಿಕ್ಕಿತ್ತು.

ಅಕ್ಕ ಸತ್ತ ಮೈಕನ್ನು ತಟ್ಟಲಿಲ್ಲ, ಊದಲಿಲ್ಲ, "ಹಲೋ ಹಲೋ" ಎನ್ನಲಿಲ್ಲ. ಅಜ್ಜನ ಭುಜವನ್ನು ಒಂದು ಕ್ಷಣ ಮುಟ್ಟಿ, ಮೈಕಿನ ಹಿಂದಿನಿಂದ ಹೊರಬಂದು, ವೇದಿಕೆಯ ಅಂಚಿಗೆ ನಡೆದು ನಿಂತರು. ನನ್ನ ಕಡೆ ನೋಡಿ, ಪರದೆ ಸರಿಸುವಂತೆ ಕೈ ಮಾಡಿದರು. ನನಗೂ ಒಂದು ಕೆಲಸ ಸಿಕ್ಕಿತಲ್ಲ ಎಂದು ಓಡಿದೆ. ಓಡುವ ಮುಂಚೆ ಸದ್ದಿನ ಗುಂಡಿಯನ್ನು ಪೂರ್ತಿ ಇಳಿಸಿದ್ದೆ. ಕರೆಂಟ್ ಬಂದಾಗ ಡಬ್ಬ ಧಡ್ ಎಂದು ಒದರಬಾರದೆಂದು ಅಕ್ಕನೇ ಕಲಿಸಿದ್ದರು. ಆ ದಿನ ನಾನು ಮಾಡಿದ ಬುದ್ಧಿವಂತಿಕೆಯ ಕೆಲಸ ಅದೊಂದೇ.

ಅಧ್ಯಕ್ಷರು ಕುರ್ಚಿಯಿಂದ ಬಾಗಿ ಪಿಸುಗುಟ್ಟಿದರು, ಪಿಸುಮಾತು ನನ್ನ ಕಿಟಕಿಯವರೆಗೂ ಬಂತು: "ನಿಲ್ಲಿಸಮ್ಮ, ಸಾಕು! ಹೆಸರು ಹೇಳಿ ಫಲಕ ಕೊಟ್ಟು ಮುಗಿಸಿಬಿಡೋಣ."

ಅಕ್ಕ ತಿರುಗಿ ನೋಡಲಿಲ್ಲ. ಬಾಯಿಯನ್ನೂ ತೆರೆಯಲಿಲ್ಲ. ಸದ್ದಿನ ಮೇಲೆ ಸದ್ದು ಹಾಕಲು ಅವರಿಗೆ ಮನಸ್ಸಿಲ್ಲ. ಕಟ್ಟಕಡೆಯ ಸಾಲನ್ನೇ ನೋಡುತ್ತಾ ನಿಂತರು. ಮಾತಾಡದೆ ನಿಂತವರನ್ನು ಎಷ್ಟು ಹೊತ್ತು ಅಲಕ್ಷಿಸಲು ಸಾಧ್ಯ? ಗದ್ದಲದಲ್ಲಿ ಒಂದು ಬಿರುಕು ಬಿಟ್ಟಿತು. ಅದರೊಳಗೆ ಅಕ್ಕ ಮಾತು ಇಟ್ಟರು.

"ಕೊನೆಯ ಸಾಲಿನವರೇ, ನನ್ನ ಮಾತು ಕೇಳಿಸುತ್ತಿದ್ದರೆ ಕೈ ಎತ್ತಿ."

ನಾಲ್ಕೇ ಕೈ ಮೇಲೆ ಹೋದವು.

"ಉಳಿದವರು ಮುಂದೆ ಬನ್ನಿ. ನಡುವಿನ ದಾರಿಯಲ್ಲಿ ನಿಂತರೂ ಸರಿ. ನಾನು ಕಾಯುತ್ತೇನೆ."

ಕಾದರು. ನಿಜವಾಗಿಯೂ ಕಾದರು, ಬಸ್ಸಿಗೆ ಕಾಯುವವರಷ್ಟು ನಿಶ್ಚಿಂತೆಯಿಂದ. ಹೊರಗೆ ಹೊರಟಿದ್ದವರು ಹೊರಡುವುದೋ ಬರುವುದೋ ತಿಳಿಯದೆ ಮುಂದೆ ಬಂದರು. ನಾನು ಕೊನೆಯ ಪರದೆ ಎಳೆದಾಗ ಅಕ್ಕನ ಮುಖದ ಮೇಲೆ ಬೆಳಕು ಬಿತ್ತು.

"ಯಾರ ಅಪ್ಪಣೆಯೂ ಇಲ್ಲದೆ, ಎರಡು ದಿನ, ಈ ಊರಿನ ನೀರನ್ನು ನಿಲ್ಲಿಸಿದವರು ಇವರೇ," ಎಂದು ಬಿಟ್ಟ ಸಾಲನ್ನೇ ಮತ್ತೆ ಹೇಳಿದರು. ಕ್ಷಮೆ ಇಲ್ಲ, ತಾಂತ್ರಿಕ ಅಡಚಣೆಯ ರಾಗ ಇಲ್ಲ. "ಯಾಕೆ ನಿಲ್ಲಿಸಿದರು? ಅದನ್ನು ಈಗ ಹೇಳುತ್ತೇನೆ."

ಆಗ ನನಗೊಂದು ವಿಷಯ ಹೊಳೆಯಿತು. ಮೈಕಿನವನಾಗಿ ಅದು ಹೊಳೆಯಬಾರದಿತ್ತು, ಹೊಟ್ಟೆಪಾಡಿಗೆ ಒಳ್ಳೆಯದಲ್ಲ. ಕರೆಂಟ್ ಹೋದಾಗ ಹದಿನಾಲ್ಕು ಫ್ಯಾನುಗಳ ಗರಗರವೂ, ನಮ್ಮ ಡಬ್ಬಗಳ ಗುಂಯ್ ಎನ್ನುವುದೂ ಹೋಗಿದ್ದವು. ಆ ಭವನ ಅಷ್ಟು ನಿಶ್ಶಬ್ದವಾಗಿದ್ದನ್ನು ನಾನು ಎಂದೂ ಕೇಳಿರಲಿಲ್ಲ. ಅಕ್ಕ ದನಿ ಏರಿಸಲಿಲ್ಲ, ಇಳಿಸಿದರು. ಉದ್ದದ ವಾಕ್ಯಗಳನ್ನು ಮುರಿದು ಗಿಡ್ಡ ಮಾಡಿದರು. ಪ್ರತಿ ವಾಕ್ಯದ ಕೊನೆಯ ಪದ ಹಿಂದಿನ ಗೋಡೆ ಮುಟ್ಟಿದ ಮೇಲೆ ಮುಂದಿನದು. ಅಮ್ಮನ ಮುಂದೆ ಕೂತು ದಿನದ ಸುದ್ದಿ ಹೇಳುವಂತೆ, ಮುನ್ನೂರು ಜನಕ್ಕೆ.

ವಾಸನೆ ಬಂದ ನೀರು. ಎತ್ತದ ಫೋನು. ಸೊಂಟಕ್ಕೆ ಕಟ್ಟಿದ ಕೀಲಿ. ದುರಸ್ತಿಯ ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದು ದಿನಾಂಕ ಸಮೇತ ಓದಿದರು. "ಆ ಎರಡು ದಿನ ನಮಗೆ ಬಾಯಾರಿಕೆ ಆಯಿತು. ಕಾಯಿಲೆ ಆಗಲಿಲ್ಲ. ನಾವು ಇವರನ್ನು ಬೈದೆವು. ಇವರು ವಾಲ್ವ್ ತೆರೆಯಲಿಲ್ಲ."

ನಡುವಿನ ಸಾಲಿನ ಹಾಸ್ಯಗಾರ ತನ್ನ ಚಪ್ಪಲಿಯನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದ.

ಮೂರನೆಯ ರಟ್ಟು ಮುಗಿಯಿತು. ಅಕ್ಕ ಅಜ್ಜನ ಕಡೆ ಕೈ ಚಾಚಿ, ಕೊನೆಗೆ ಹೆಸರು ಹೇಳಿದರು. ಮೊದಲು ಎದ್ದು ಚಪ್ಪಾಳೆ ತಟ್ಟಿದ್ದು ಕೊನೆಯ ಸಾಲಿನಿಂದ ಮುಂದೆ ಬಂದ ಒಬ್ಬ ಮುದುಕಿ. ಆಮೇಲೆ ಎಲ್ಲರೂ. ಅಜ್ಜನ ಕೈಗಳು ಮೊಣಕಾಲನ್ನು ಬಿಟ್ಟು ಮುಖಕ್ಕೆ ಹೋದವು.

ಆ ಚಪ್ಪಾಳೆಯ ನಡುವೆಯೇ ಕರೆಂಟ್ ಬಂತು. ನಾನು ಜಾಗಕ್ಕೆ ಓಡಿ ಮೆಲ್ಲಗೆ ಸದ್ದು ಏರಿಸಿ, ಅಜ್ಜನ ಮುಂದೆ ಮೈಕು ಹಿಡಿದೆ.

"ತೆಗಿಯಪ್ಪ ಅದನ್ನ," ಎಂದರು ಅಜ್ಜ. "ಮೂವತ್ತನಾಲ್ಕು ವರ್ಷ ಬೀದಿ ತುಂಬ ಕೂಗಿದೀನಿ, ನೀರು ಬಂತು ಅಂತ."

ಸಭೆ ನಕ್ಕಿತು. ಈ ನಗೆ ಬೇರೆಯಾಗಿತ್ತು.

ಸಭೆ ಮುಗಿದು ಚಹಾ ಕುಡಿಯುವಾಗ ಅಧ್ಯಕ್ಷರು ಲೋಟ ಹಿಡಿದು ನೇರವಾಗಿ ಅಕ್ಕನ ಮುಂದೆ ಬಂದು ನಿಂತರು. ಸುತ್ತ ಸಂಘದವರೆಲ್ಲ ಇದ್ದರು. ನಾನು ವೈರು ಸುತ್ತುತ್ತಾ, ಸುತ್ತಿದ್ದನ್ನೇ ಮತ್ತೆ ಸುತ್ತತೊಡಗಿದೆ.

"ಅಲ್ಲಮ್ಮ, ನಿಲ್ಲಿಸು ಅಂತ ನಾನು ಅಷ್ಟು ಹೇಳಿದೆ. ನಿನಗೆ ಕೇಳಿಸಲಿಲ್ವಾ?"

ಯಾರೋ ಕೆಮ್ಮಿದರು. ಕೇಳಿಸಲಿಲ್ಲ ಎಂದರೆ ಎಲ್ಲರಿಗೂ ಸಲೀಸು. ಆ ಗದ್ದಲದಲ್ಲಿ ನಂಬಲೂಬಹುದಾಗಿತ್ತು. ಅಕ್ಕ ಲೋಟ ಕೆಳಗಿಟ್ಟರು.

"ಕೇಳಿಸ್ತು ಸಾರ್. ನಿಲ್ಲಿಸೋ ಮನಸ್ಸಿರಲಿಲ್ಲ."