ಹಾಳೆಗೆ ಹೊಂದಿಸಿದ ದಾರಿ

ಹೊಸದುರ್ಗದ ನನ್ನ ಜೆರಾಕ್ಸ್ ಅಂಗಡಿಗೆ ಬರುವ ಪಿಡಿಎಫ್‌ಗಳನ್ನು ಕಂಡರೆ ನನಗೆ ಮೊದಲಿನಿಂದಲೂ ಸಿಟ್ಟು. ಒಂದು ಪುಟ ಮೊಬೈಲಿನಲ್ಲಿ ಸ್ಕ್ಯಾನ್ ಆದದ್ದು, ಕಂಪ್ಯೂಟರಿನ ಲೆಕ್ಕದಲ್ಲಿ ಮನೆ ಬಾಗಿಲಿನಷ್ಟು ದೊಡ್ಡದು. ಇನ್ನೊಂದು ಉದ್ದನೆಯ ಲೀಗಲ್ ಹಾಳೆ. ಮತ್ತೊಂದು ಅಡ್ಡ ಮಲಗಿರುತ್ತದೆ, ಅದರ ಪಕ್ಕದ್ದು ತಲೆಕೆಳಗು. "ಪ್ರಿಂಟ್ ಒತ್ತಿದ್ರೆ ಬರಲ್ವೇನಣ್ಣ?" ಅಂತ ಕೇಳುತ್ತಾರೆ. ಬರದೆ ಏನು, ಬರುತ್ತದೆ. ಹೇಗೆ ಬರುತ್ತದೆ ಅನ್ನುವುದನ್ನು ಮಾತ್ರ ಯಾರೂ ನೋಡುವುದಿಲ್ಲ.

ಮಾಡದಕೆರೆ ಕಡೆಯ ಹೆಂಗಸೊಬ್ಬಳು ಅಂಥದೇ ಒಂದು ಫೈಲು ತಂದಿದ್ದಳು. ಕುರಿ ಸಾಕುವ ಮನೆಯವಳು. ಅವರ ಕುರಿ ಕೂಡುವ ರೊಪ್ಪಕ್ಕೆ ಹೋಗುವ ದಾರಿ ಪಕ್ಕದವರ ತೆಂಗಿನ ತೋಟದೊಳಗಿತ್ತು. ವರ್ಷಗಟ್ಟಲೆ ಜಗಳವಾಡಿ ಕೊನೆಗೆ ಹಿರಿಯರ ಮುಂದೆ ರಾಜಿಯಾಗಿತ್ತು: ನಕ್ಷೆಯಲ್ಲಿ ಇದ್ದಷ್ಟು ದಾರಿ ಬಿಡಬೇಕು. ನಕ್ಷೆಯ ಪ್ರಿಂಟಿನ ಮೇಲೆ ಸ್ಕೇಲಿಟ್ಟು ಅಳೆದರು, ಅಷ್ಟನ್ನೇ ಬಿಟ್ಟರು, ಕಲ್ಲುಕಂಬ ನೆಟ್ಟು ಮುಳ್ಳುತಂತಿ ಎಳೆದರು. ಈಗ ಆ ದಾರಿಯಲ್ಲಿ ಕುರಿಗಳಿಗೆ ನೀರು ತರುವ ಟ್ಯಾಂಕರ್ ನುಗ್ಗುತ್ತಿರಲಿಲ್ಲ.

"ಹತ್ತಡಿ ಅಂತ ನಮ್ಮನೇರು ಮೊದ್ಲಿಂದ ಹೇಳ್ತಿದ್ರಣ್ಣ. ಅಳೆದ್ರೆ ಏಳು ಬಂತು. ಸ್ಕೇಲು ಸುಳ್ಳು ಹೇಳ್ತೈತಾ ಅಂದ್ರು ತೋಟದವ್ರು. ಇವನ್ನೆಲ್ಲ ಸರಿಯಾಗಿ ಪ್ರಿಂಟ್ ಮಾಡಿಸ್ಕಂಡ್ ಬಾ ಅಂತ ಲಾಯರು ಕಳಿಸವ್ರೆ. ಈ ಹಳೇದ್ರಲ್ಲಿ ಅಕ್ಷರ ಇರುವೆ ಸಾಲಿನಂಗವೆ, ಯಾರಿಗೂ ಕಾಣಲ್ಲ."

ಬೇರೆ ಊರಿನ ಯಾವುದೋ ಅಂಗಡಿಯಲ್ಲಿ ತೆಗೆಸಿದ ಆ ಹಳೆಯ ಕಟ್ಟನ್ನು ಮೇಜಿನ ಮೇಲಿಟ್ಟಳು. ಕೆಲವು ಪುಟ ಅಂಗೈಯಷ್ಟು, ಕೆಲವುಗಳಲ್ಲಿ ಕೆಳಗಿನ ಮೊಹರೇ ಕತ್ತರಿಸಿ ಹೋಗಿತ್ತು.

"ಕುಂತ್ಕಳಕ್ಕ, ಹೊತ್ತಾಗುತ್ತೆ" ಎಂದೆ.

ಅಡ್ಡ ಇದ್ದವನ್ನು ನೆಟ್ಟಗೆ ತಿರುಗಿಸಿದೆ. ಸುತ್ತಲಿನ ಖಾಲಿ ಜಾಗ ಕತ್ತರಿಸಿದೆ. ಬರಹದ ಪುಟಗಳನ್ನೆಲ್ಲ, ದೊಡ್ಡವನ್ನು ಇಳಿಸಿ ಚಿಕ್ಕವನ್ನು ಏರಿಸಿ, ಒಂದೇ ಎ4 ಅಳತೆಗೆ ತಂದು ಹೊಲಿಗೆಗೆ ಎಡಗಡೆ ಜಾಗ ಬಿಟ್ಟೆ. ಕೊನೆಗೆ ನಕ್ಷೆಯ ಪುಟ ಬಂತು. ಅದರ ಅಳತೆ ನೋಡಿದೆ: ಎ3, ಎ4ರ ಎರಡರಷ್ಟು ಹಾಳೆ. ಮೂಲೆಯಲ್ಲಿ 'ಒಂದು ಇಂಚಿಗೆ ಹತ್ತು ಅಡಿ' ಎಂದು ಬರೆದಿತ್ತು. ಹಿರಿಯರ ಮುಂದೆ ಸ್ಕೇಲಿಟ್ಟು ಅಳೆದಿದ್ದ ಅವಳ ಹಳೆಯ ಪ್ರಿಂಟು ಮಾತ್ರ ಎ4ರಲ್ಲಿತ್ತು.

ನನ್ನ ಕೈ ಅಲ್ಲೇ ನಿಂತಿತು. ಎಲ್ಲ ಪುಟಗಳ ಜೊತೆ ನಕ್ಷೆಯನ್ನೂ 'ಹಾಳೆಗೆ ಹೊಂದಿಸು' ಎಂದು ಒತ್ತಿದ್ದಾರೆ ಪುಣ್ಯಾತ್ಮರು. ಗೆರೆಗಳೆಲ್ಲ ಕುಗ್ಗಿವೆ, ಇಂಚಿಗೆ ಹತ್ತಡಿ ಎಂಬ ಮಾತು ಮಾತ್ರ ಹಾಗೆಯೇ ಉಳಿದಿದೆ. ಇಂಥ ಪುಟವನ್ನು ಮಿಕ್ಕವುಗಳ ಜೊತೆ ಸೇರಿಸಬಾರದು. ನೂರಕ್ಕೆ ನೂರು ಅಳತೆಯಲ್ಲಿ ಬೇರೆಯಾಗಿಯೇ ತೆಗೆಯಬೇಕು. ದೊಡ್ಡ ಹಾಳೆ ಹಾಕಿ ತೆಗೆದೆ. ನಕ್ಷೆಯಲ್ಲಿ ಎಪ್ಪತ್ತು ಅಡಿ ಎಂದು ಬರೆದಿದ್ದ ಒಂದು ಬದಿಗೆ ಸ್ಕೇಲಿಟ್ಟೆ. ಸರಿಯಾಗಿ ಏಳು ಇಂಚು. ಹಳೆಯದರಲ್ಲಿ ಅದೇ ಗೆರೆ ಐದು ಇಂಚೂ ಇರಲಿಲ್ಲ. ದಾರಿಗೆ ಇಟ್ಟೆ. ಒಂದು ಇಂಚು.

"ಹತ್ತಡಿನೇ ಕಣಕ್ಕ! ನೀನೇ ನೋಡು."

ಅವಳು ಸ್ಕೇಲನ್ನು ನನ್ನ ಕೈಯಿಂದ ತೆಗೆದುಕೊಂಡು ತಾನೇ ಇಟ್ಟು ನೋಡಿದಳು. ಕಣ್ಣು ತುಂಬಿತು. ನನಗೂ ಅಂದು ಖುಷಿ ತಡೆಯಲಾಗಲಿಲ್ಲ. ಎರಡು ಹಾಳೆಯನ್ನೂ ಎತ್ತಿಕೊಂಡು ಅವಳ ಜೊತೆ ಲಾಯರ ಹತ್ತಿರ ನಾನೇ ಹೋದೆ.

ಲಾಯರು ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರು. "ನೀವ್ ಹೇಳೋದು ಸರಿ ಐತ್ರಿ. ಆದ್ರೆ ಎರಡು ಕಡೆಯೋರೂ ಹೆಬ್ಬೆಟ್ಟು, ಸಹಿ ಹಾಕಿರೋದು ಈ ಸಣ್ಣ ಹಾಳೆ ಮೇಲೆ. ದಾರಿ ಎಷ್ಟಡಿ ಅಂತ ರಾಜಿಪತ್ರದಲ್ಲಿ ಬರೆದಿಲ್ಲ, ಈ ನಕ್ಷೆಯಂತೆ ಅಂತಷ್ಟೇ ಐತೆ. ನಕ್ಷೆ ಬರೆದ ಸರ್ವೆಯವರೂ ತೀರ್ಕಂಡವ್ರೆ. ತೋಟದವರು ತಾವಾಗಿ ಒಪ್ಪಲ್ಲ, ಹತ್ತಡಿ ಬಿಡಿ ಅಂತ ನಾನು ಮೊದ್ಲೇ ಕೇಳಿದ್ದಾಯ್ತು. ಕೇಸ್ ಹಾಕಾಣ. ವರ್ಷಗಳೇ ಹಿಡೀಬಹುದು."

"ಅಲ್ಲೀವರ್ಗೂ ಕುರಿ ನೀರು ಕುಡೀದೆ ಇರ್ತವಾ ಸ್ವಾಮಿ?" ಅಂದಳು ಅವಳು. ಲಾಯರು ಎರಡು ಹಾಳೆಯನ್ನೂ ಮಡಿಸಿ ಫೈಲಿಗೆ ಸೇರಿಸಿದರು. ಒಂದು ಗುಂಡಿ ತಪ್ಪು ಒತ್ತಿದವನ ಮೇಲೆ ನನಗೆ ಬಂದ ಸಿಟ್ಟಿನಿಂದಲೂ ಉಪಯೋಗವಿರಲಿಲ್ಲ. ಸರಿಯಾದ ಅಳತೆ ಕೈಯಲ್ಲಿದ್ದೂ ಅದರಿಂದ ಒಂದು ಕಂಬ ಅಲುಗದಿದ್ದರೆ ಏನು ಬಂತು?

ಆ ಬೇಸಿಗೆ ಕಳೆದ ಮೇಲೆ ಅವಳು ಯಾವುದೋ ಆಧಾರ್ ಜೆರಾಕ್ಸಿಗೆ ಬಂದಳು. ಕೇಸು ಏನಾಯಿತೆಂದು ಕೇಳಿದೆ.

"ಹಾಕ್ಲಿಲ್ಲಣ್ಣ. ಬಿಂದಿಗೇಲಿ ಎಷ್ಟಂತ ಹೊರಾದು? ಕುರಿನೆಲ್ಲ ಕೊಟ್ಬಿಟ್ವಿ. ಈಗ ಅಲ್ಲಿ ಓಡಾಡೋರು ನಾನೂ ನಮ್ಮ ಯಜಮಾನ್ರೂ ಇಬ್ರೇಯ." ಜೆರಾಕ್ಸನ್ನು ಮಡಿಸಿ ಸೆರಗಿಗೆ ಸಿಕ್ಕಿಸಿಕೊಂಡಳು. "ನಮಗೆ ಆ ದಾರಿ ಸಾಕು."