ಏಳನೆಯ ಶಾಟ್‌ನ ಸೆರಗು

ದೇವದುರ್ಗದ ಆ ಅಕ್ಕನಿಗೆ ಶಾಲೆಯ ಅಡುಗೆ ಕೆಲಸದಿಂದ ಸಿಕ್ಕಿದ್ದು ಒಂದೇ ದಿನದ ರಜೆ. ನಮ್ಮ ಕಿರುಚಿತ್ರದ ತಾಯಿ ಅವಳೇ. ಹಾಸ್ಟೆಲಿಗೆ ಹೊರಟ ಮಗಳನ್ನು ಕಳಿಸಲು ಓಡೋಡಿ ಬಂದು, ಬಸ್ಸು ಹೋದದ್ದನ್ನು ಕಂಡು ಅಳಬೇಕು. ಅವಳಿಗೆ ಓದು ಬಾರದು. ಅದಕ್ಕೆ ಪ್ರತಿ ಶಾಟ್‌ನ ಚಿತ್ರವನ್ನೂ ಮೊದಲೇ ಕೈಗೆ ಕೊಟ್ಟುಬಿಡೋಣ ಎಂದುಕೊಂಡೆ.

ರಾಯಚೂರಿನ ಮನೆಗೆ ಕಾಲೇಜಿನಿಂದ ಸುಸ್ತಾಗಿ ಬಂದು, ಚಿತ್ರ ಬಿಡಿಸಿಕೊಡುವ ಎಐಗೆ ಪ್ರಾಂಪ್ಟ್ ಬರೆಯುತ್ತ ಕೂರುತ್ತಿದ್ದೆ. ‘ಹಸಿರು ಇಳಕಲ್ ಸೀರೆ, ಸೆರಗು ಎಡ ಹೆಗಲ ಮೇಲೆ, ಎಡದಿಂದ ಬಲಕ್ಕೆ ನಡಿಗೆ’ ಎಂದು ಪ್ರತಿ ಪ್ರಾಂಪ್ಟ್‌ನಲ್ಲೂ ಅದೇ ಮಾತು. ಒಂದು ಸಲ ಬಿಟ್ಟರೆ ಸೀರೆಯೇ ಬದಲಾಗುತ್ತಿತ್ತು. ನಿಂತ ಚಿತ್ರದಲ್ಲಿ ಕ್ಯಾಮೆರಾದ ಓಡಾಟ ಕಾಣುವುದಿಲ್ಲವಲ್ಲ, ಅದನ್ನು ಕಾರಣದ ಸಮೇತ ಕೆಳಗೆ ಬರೆಯುತ್ತಿದ್ದೆ: ‘ಅವಳ ಪಕ್ಕದಲ್ಲೇ ಸಾಗಲಿ, ಮುಂದೆ ಹೋಗಬಾರದು. ಬಸ್ಸಿಲ್ಲವೆಂದು ನಮಗೆ ಅವಳಿಗಿಂತ ಮೊದಲು ಗೊತ್ತಾಗಬಾರದು.’ ಕ್ಯಾಮೆರಾದವನು ಮಾನ್ವಿಯ ಮದುವೆ ವಿಡಿಯೋದವನು. ಕಾರಣ ಹೇಳದಿದ್ದರೆ ಯಾರು ನಿಂತರೂ ಮದುಮಗಳೆಂದುಕೊಂಡು ಸುತ್ತು ಹೊಡೆಯುತ್ತಿದ್ದ.

ಏಳನೆಯ ಶಾಟ್ ಅಳುವಿನದು. ಎಐ ಅವಳನ್ನು ಎಡಕ್ಕೆ ಮುಖ ಮಾಡಿಸಿ ನಿಲ್ಲಿಸಿತು. ಹಿಂದಿನ ಆರರಲ್ಲೂ ಬಲಕ್ಕೆ ನಡೆದವಳು! ಹೀಗೇ ಬಿಟ್ಟರೆ ಬಸ್ಸಿನ ಕಡೆಗಲ್ಲ, ಮನೆಗೆ ವಾಪಸ್ ಹೊರಟವಳಂತೆ ಕಾಣುತ್ತಿದ್ದಳು. ಪ್ರಾಂಪ್ಟ್ ತಿದ್ದಿ ಮತ್ತೆ ಕೇಳುವ ತಾಳ್ಮೆ ನನಗಿರಲಿಲ್ಲ. ಚಿತ್ರವನ್ನೇ ಕನ್ನಡಿಯಂತೆ ತಿರುಗಿಸಿ ಪ್ರಿಂಟ್ ತೆಗೆದೆ. ಮುಖ ಬಲಕ್ಕೆ ಬಂತು. ಜೊತೆಗೆ ಸೆರಗೂ ಬಲ ಹೆಗಲಿಗೆ ಹೋಯಿತು, ಅದನ್ನು ನಾನು ನೋಡಲೇ ಇಲ್ಲ.

ಅಕ್ಕ ನೋಡಿದ್ದಳು. ಶೂಟಿಂಗ್ ದಿನ ಆರನೆಯ ಶಾಟ್ ಮುಗಿದದ್ದೇ ಮರೆಗೆ ಹೋಗಿ, ಚಿತ್ರದಲ್ಲಿದ್ದಂತೆ ಸೆರಗು ಬದಲಿಸಿ ಬಂದಳು. ನಮ್ಮ ಕಡೆ ಕೆಲವು ಹಿರಿಯ ಹೆಂಗಸರು ಬಲಕ್ಕೆ ಹೊದೆಯುವುದು ಉಂಟು, ಯಾರಿಗೂ ಕಣ್ಣಿಗೆ ಹೊಡೆಯಲಿಲ್ಲ. ಅವಳು ಅತ್ತ ರೀತಿಗೆ ಮಾನ್ವಿಯವನೂ ಕಣ್ಣೊರೆಸಿಕೊಂಡ.

ಎಡಿಟಿಂಗ್‌ಗೆ ಕೂತಾಗ ಸೆರಗು ಕಣ್ಣಿಗೆ ಬಿತ್ತು. ಒಂದು ಹೆಜ್ಜೆಗೆ ಎಡ ಹೆಗಲು, ಮುಂದಿನ ಹೆಜ್ಜೆಗೆ ಬಲ ಹೆಗಲು. ಶಾಟ್ ತಿರುಗಿಸಿದರೆ ಮುಖ ಮತ್ತೆ ಎಡಕ್ಕೆ, ಅವಳ ಬೆನ್ನ ಹಿಂದಿನ ಬೋರ್ಡಿನ ಅಕ್ಷರಗಳೂ ಉಲ್ಟಾ. ಅಕ್ಕನಿಗೆ ಇನ್ನೊಂದು ರಜೆ ಸಿಗಲಿಲ್ಲ. ಅಳುವನ್ನೇ ಕತ್ತರಿಸಿ, ಖಾಲಿ ರಸ್ತೆ ಹಾಕಿದೆ.

ಸಿನಿಮಾ ತೋರಿಸಿದ ದಿನ ರಾತ್ರಿ ಅಕ್ಕ ಕೆಲಸ ಮುಗಿಸಿ, ಓಣಿಯ ಹೆಂಗಸರನ್ನೆಲ್ಲ ಕರಕೊಂಡು ರಾಯಚೂರಿಗೆ ಬಂದಿದ್ದಳು. ಮುಗಿದ ಮೇಲೆ ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದಳು: “ಸರ, ನಾ ಅತ್ತದ್ದು ಎಲ್ಲಿ ಹೋತ್ರೀ?”

“ಉದ್ದ ಆಗಿತ್ತು ಯವ್ವಾ,” ಎಂದೆ.

“ಹೌದೇನ್ರೀ. ನಾ ಸರಿ ಅತ್ತಿಲ್ಲ ಅಂತ ಕಾಣ್ತದ, ಬಿಡ್ರಿ,” ಎಂದಳು. ನಾನು ಅಲ್ಲವೆನ್ನಲಿಲ್ಲ. ಅವಳು ಓಣಿಯ ಹೆಂಗಸರ ಕಡೆ ತಿರುಗಿ, ತನಗೆ ಅಳಲು ಬರಲಿಲ್ಲವೆಂದು ತಾನೇ ಹೇಳಿದಳು.