ವಿಶ್ವಾವಸುವಿನ ಚೈತ್ರ

ನಮ್ಮ ಮನೆ ಬೇಸಾಯದ ಮನೆ, ಜೊತೆಗೆ ದಾಸರ ಒಕ್ಕಲು. ಇನ್ನೂರು ಮುನ್ನೂರು ವರ್ಷಗಳ ಹಿಂದೆ ರಾಯಚೂರು ಸೀಮೆಯಿಂದ ನಮ್ಮ ಕಡೆಗೆ ನಡೆದು ಬಂದ ಒಬ್ಬ ದಾಸರ ಹಾಡುಗಳನ್ನು ಶನಿವಾರ ಶನಿವಾರ ಹಾಡುವುದು ನಮ್ಮಲ್ಲಿ ತಲೆತಲಾಂತರದಿಂದ ಬಂದದ್ದು. ಅವರು ಬಂದ ಸಂವತ್ಸರ ವಿಶ್ವಾವಸು ಎಂದು ಅವರ ಚರಿತ್ರೆಯಲ್ಲಿದೆ. ಸಂವತ್ಸರಗಳು ಅರವತ್ತು, ಹಾಗಾಗಿ ಒಂದು ವಿಶ್ವಾವಸು ಹೋದರೆ ಇನ್ನೊಂದು ಬರುವುದಕ್ಕೆ ಅರವತ್ತು ವರ್ಷ ಬೇಕು. ಬಂದಾಗ ನಮ್ಮ ಮನೆಯವರು ಯುಗಾದಿಯ ಮಾರನೇ ದಿನ ಮಾಗಡಿಯಿಂದ ಹೊರಟು, ಸಾವನದುರ್ಗದ ಬುಡದ ನರಸಿಂಹನಿಗೆ ಕೈಮುಗಿದು, ರಾಮನಗರ ಹಾದು, ದೊಡ್ಡಮಳೂರಿನ ಅಪ್ರಮೇಯನನ್ನು ನೋಡಿ, ಕನಕಪುರದ ಮೇಲೆ ಸಂಗಮಕ್ಕೆ ನಡೆಯುತ್ತಾರೆ. ಅರ್ಕಾವತಿ ಕಾವೇರಿಗೆ ಸೇರುವ ಜಾಗದಲ್ಲಿ ಚೈತ್ರದ ಹುಣ್ಣಿಮೆಯ ದಿನ ಮುಳುಗಿ ಏಳುತ್ತಾರೆ. ಆಯಸ್ಸಿನಲ್ಲಿ ಒಂದು ಸಲ ಸಿಕ್ಕಿದರೆ ಅದೇ ಪುಣ್ಯ ಎನ್ನುವ ಲೆಕ್ಕ.

ನಮ್ಮಪ್ಪನ ಅಕ್ಕ, ನಮ್ಮ ಅತ್ತೆ, ಹಿಂದಿನ ವಿಶ್ವಾವಸುವಿನಲ್ಲಿ ಏಳೆಂಟು ವರ್ಷದ ಹುಡುಗಿ. ಹೊರಡುವ ಹೊತ್ತಿಗೆ ಅವಳಿಗೆ ಮೈತುಂಬ ಅಮ್ಮ ಎದ್ದಿತು. ಬೇವಿನ ಸೊಪ್ಪಿನ ಮೇಲೆ ಅವಳನ್ನು ಮಲಗಿಸಿ, ನೆರೆಮನೆಯ ಮುದುಕಿಯೊಬ್ಬಳನ್ನು ಕಾವಲಿಗೆ ಬಿಟ್ಟು ಮನೆಯವರೆಲ್ಲ ಹೋದರು. ನಮ್ಮಪ್ಪ ಅಜ್ಜಿಯ ಕೈಹಿಡಿದು ನಡೆದ. ಚಿಕ್ಕಪ್ಪ ತಾತನ ಹೆಗಲ ಮೇಲೆ ಕೂತು ಹೋದ. ತಾತ ಹೊರಡುವಾಗ, ಮುಂದಿನ ವಿಶ್ವಾವಸುವಿಗೆ ನೀನೇ ಮುಂದೆ ನಡೆಯುವೆಯಂತೆ ಎಂದು ಅತ್ತೆಗೆ ಹೇಳಿದನಂತೆ. ಅವಳು ಅದನ್ನು ನಂಬಿದಳು. ಮದುವೆಯಾಗಿ ದೊಡ್ಡಆಲಹಳ್ಳಿಗೆ ಹೋದಳು. ಸಂಗಮದ ದಾರಿಯ ಊರು ಅದು, ಮನೆ ಮುಂದೆಯೇ ಬಸ್ಸುಗಳು ಓಡಾಡುತ್ತವೆ. ಆದರೂ ಒಂದು ದಿನವೂ ಅವಳು ಆ ನೀರಿಗೆ ಕಾಲಿಡಲಿಲ್ಲ. ಇಟ್ಟರೆ ವಿಶ್ವಾವಸುವಿನಲ್ಲೇ ಇಡುತ್ತೇನೆ ಎನ್ನುತ್ತಿದ್ದಳು. ಇಂಥ ಹಠ ನಮ್ಮ ವಂಶದ್ದೇ, ನನ್ನಲ್ಲೂ ಸ್ವಲ್ಪ ಇದೆ ಎಂದು ಕಂಡವರು ಹೇಳುತ್ತಾರೆ.

ಹೋದ ವರ್ಷ ವಿಶ್ವಾವಸು ಬಂತು. ಯುಗಾದಿಗೆ ವಾರವಿದೆ ಎನ್ನುವಾಗ ಅತ್ತೆ ಕೊಟ್ಟಿಗೆಯಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ಕನಕಪುರದ ಆಸ್ಪತ್ರೆಯಲ್ಲಿ ರಾಡು ಹಾಕಿ ಮಲಗಿಸಿದ್ದರು. ನಡೆದು ಹೊರಟ ನಮ್ಮವರು ಕನಕಪುರಕ್ಕೆ ಬಂದಾಗ ಜಾಗಟೆ ಬಾರಿಸುತ್ತಾ ಆಸ್ಪತ್ರೆಯ ಹಿಂದಿನ ರಸ್ತೆಯಲ್ಲೇ ಹೋದರು. ನಾನು ಮಂಚದ ಪಕ್ಕದಲ್ಲಿದ್ದೆ. ಅತ್ತೆ ಕಿಟಕಿಯ ಕಡೆ ನೋಡಲಿಲ್ಲ. ಗಂಜಿ ಕುಡಿಸು ಎಂದಳು, ಕುಡಿಸಿದೆ. ಯಾರ ಮೇಲೆ ಸಿಟ್ಟು ಮಾಡಿಕೊಳ್ಳಬೇಕೋ ಗೊತ್ತಾಗದೆ ನರ್ಸಿನ ಮೇಲೆ ರೇಗಿದೆ.

ಅದಾದ ಕೆಲವು ವಾರಕ್ಕೆ ಚಿಕ್ಕಪ್ಪ ನನ್ನ ಹತ್ತಿರ ಬಂದ. ಭಜನೆಯ ಮುಂದಾಳು ಅವನೇ. ಎರಡು ವಿಶ್ವಾವಸು ಕಂಡವನು ಎನ್ನುವ ಹೆಮ್ಮೆ ಅವನ ಮೀಸೆಯಲ್ಲೇ ಕಾಣುತ್ತಿತ್ತು. ದಾಸರು ದಕ್ಷಿಣಕ್ಕೆ ಮೂರು ಸಲ ಬಂದರೆಂದು ಪ್ರತೀತಿ. ಯಾವ ಸಲ ಯಾವ ದಾರಿ, ಯಾವ ವರ್ಷ ಎಂದು ಒಂದು ನಕ್ಷೆ ಬರೆದುಕೊಡು, ಭಜನೆ ಮನೆಯಲ್ಲಿ ಕಟ್ಟು ಹಾಕಿಸೋಣ ಎಂದ. ನಾನು ರಾಮನಗರದ ಕಾಲೇಜಿನಲ್ಲಿ ಗಣಿತ ಹೇಳಿಕೊಡುವವಳು. ಲೆಕ್ಕ ಅಂದಮೇಲೆ ನನಗೆ ಬಿಡಲಾಗುವುದಿಲ್ಲ, ಒಪ್ಪಿದೆ.

ಮೊದಲು ಹಾಡುಗಳನ್ನು ಬೇರೆ ಬೇರೆ ಮಾಡಿದೆ. ಅಚ್ಚಾದ ಪುಸ್ತಕದಲ್ಲಿ ಅವು ಅಕಾರಾದಿಯಲ್ಲಿವೆ, ಆ ಸಾಲಿನಿಂದ ದಾರಿ ಹಿಡಿಯಲಾಗದು. ಒಂದು ಕ್ಷೇತ್ರವನ್ನು ಹೊಗಳಿದ ಮಾತ್ರಕ್ಕೆ ಅಲ್ಲಿಗೆ ಹೋಗಿದ್ದರು ಎನ್ನುವುದೂ ಸಲ್ಲದು. ಕಾಶಿಯನ್ನು ಮನೆಯಲ್ಲೇ ಕೂತು ಹಾಡಬಹುದು. ಹಾಗಾಗಿ ಊರವರ ಬಾಯಿಂದ ಕೇಳಿ ಹೇಳಬಹುದಾದದ್ದನ್ನು ಒಂದು ಕಡೆ ಇಟ್ಟೆ. ಕಣ್ಣಾರೆ ಕಂಡವರಷ್ಟೇ ಹೇಳುವಂಥದ್ದು, ಗುಡಿ ಯಾವ ದಿಕ್ಕಿಗಿದೆ, ಹೊಳೆ ಎಷ್ಟು ಬತ್ತಿದೆ, ಯಾವ ಹಬ್ಬ ನಡೆಯುತ್ತಿದೆ, ಅದನ್ನು ಇನ್ನೊಂದು ಕಡೆ. ಅಂಕಿತವನ್ನೂ ನೋಡಬೇಕು. ಗುರುಗಳಿಂದ ಅಂಕಿತ ಸಿಗುವ ಮುಂಚಿನ ಹಾಡುಗಳ ಕೊನೆಯಲ್ಲಿ ಅದು ಇರುವುದಿಲ್ಲ, ಅವು ಮೊದಲ ಯಾತ್ರೆಯವು. ಗುರುಗಳು ತೀರಿಕೊಂಡರೆಂದು ದುಃಖಿಸುವ ಹಾಡುಗಳು ಆಮೇಲಿನವು. ನಮ್ಮ ಕಡೆಯ ಹಾಡುಗಳೆಲ್ಲ ಈ ಎರಡನೇ ಗುಂಪಿಗೆ ಬಂದವು.

ಇನ್ನು ಚರಿತ್ರೆ. ಅದು ದಾಸರು ಹೋದ ಎರಡು ತಲೆಮಾರಿನ ಮೇಲೆ ಶಿಷ್ಯರ ಶಿಷ್ಯರೊಬ್ಬರು ಪದ್ಯದಲ್ಲಿ ಬರೆದದ್ದು. ಭಕ್ತಿ ಜಾಸ್ತಿ, ತಿಥಿ ಕಮ್ಮಿ. ಒಂದು ಯಾತ್ರೆಗೆ ಒಂದೇ ಸಂವತ್ಸರದ ಹೆಸರು ಹೇಳಿ ಮುಗಿಸುತ್ತಾರೆ. ಆದರೂ ಈ ಯಾತ್ರೆಯ ಬಗ್ಗೆ ಒಂದು ಮಾತು ಹೇಳಿದ್ದಾರೆ: ವಿಶ್ವಾವಸುವಿನಲ್ಲಿ ಪುಷ್ಯ ಮಾಸದ ಕೊನೆಗೆ ಬರುವ ಗುರುಗಳ ಆರಾಧನೆ ಮುಗಿಸಿಕೊಂಡು ಹೊರಟರು ಎಂದು. ಆ ಮಾತನ್ನು ನಾನು ಎಷ್ಟೋ ಸಲ ಕೇಳಿದ್ದೆ. ಅವತ್ತು ಓದಿದಾಗ ತಿಂಗಳುಗಳನ್ನು ಬೆರಳಲ್ಲಿ ಎಣಿಸಿದೆ.

ಪುಷ್ಯ ಬರುವುದು ವರ್ಷದ ಬಾಲದಲ್ಲಿ. ಪುಷ್ಯ, ಮಾಘ, ಫಾಲ್ಗುಣ ಮುಗಿದರೆ ಯುಗಾದಿ, ಹೊಸ ಸಂವತ್ಸರ. ಪುಷ್ಯದ ಕೊನೆಗೆ ರಾಯಚೂರು ಕಡೆಯಿಂದ ಕಾಲ್ನಡಿಗೆಯಲ್ಲಿ ಹೊರಟವರು, ಊರೂರಲ್ಲಿ ಹಾಡುತ್ತಾ ಬರುವವರು, ಸಂಗಮದಲ್ಲಿ ಮಿಂದ ಚೈತ್ರ ಯಾವುದು? ವಿಶ್ವಾವಸುವಿನ ಚೈತ್ರ ಆಗಲೇ ಹೋಗಿ ಒಂಬತ್ತು ತಿಂಗಳಾಗಿತ್ತು! ಅವರು ಮಿಂದದ್ದು ಅದರ ಮುಂದಿನ ಪರಾಭವ ಸಂವತ್ಸರದ ಚೈತ್ರದಲ್ಲಿ. ನಮ್ಮ ಹಿರಿಯರು ವರ್ಷವನ್ನು ಚರಿತ್ರೆಯಿಂದ ತೆಗೆದುಕೊಂಡರು, ತಿಂಗಳನ್ನು ಸಂಗಮದ ಹಾಡಿನಿಂದ ತೆಗೆದುಕೊಂಡರು, ಎರಡನ್ನೂ ಜೋಡಿಸಿ ಒಂದು ವರ್ಷ ಮುಂಚೆಯೇ ಹೊರಟುಬಿಟ್ಟಿದ್ದರು.

ಸಂತೋಷವಾಯಿತು, ಸುಳ್ಳೇಕೆ ಹೇಳಲಿ. ಪರಾಭವ ಇನ್ನೂ ಮುಂದಿತ್ತು, ಅತ್ತೆಗೆ ಅವಕಾಶ ಉಳಿದಿತ್ತು. ಆ ಸಂತೋಷವೇ ನನಗೆ ಹೆದರಿಕೆಯನ್ನೂ ತಂದಿತು. ಬೇಕಾದ ಉತ್ತರ ಬಂದರೆ ಲೆಕ್ಕವನ್ನು ಇನ್ನೊಂದು ಸಲ ಮಾಡು ಎಂದು ಮಕ್ಕಳಿಗೆ ಹೇಳುವವಳು ನಾನು. ಮಾಡಿದೆ. ದೊಡ್ಡಮಳೂರಿನ ಹಾಡಿನಲ್ಲಿ ದಾಸರು ಗುಡಿಯ ಅಂಗಳದಲ್ಲಿ ಕೂತು ಹೊಸ ಪಂಚಾಂಗ ಕೇಳುತ್ತಾರೆ, ಮುಂದಿನ ಚರಣದಲ್ಲಿ ರಾಮನವಮಿಯ ಪಾನಕ ಕುಡಿಯುತ್ತಾರೆ. ಅಂದರೆ ವರ್ಷ ಬದಲಾದದ್ದು ಅಲ್ಲಿಯೇ. ಸಾವನದುರ್ಗದ ಹಾಡಿನಲ್ಲಿ ಕಾಮನ ಹುಣ್ಣಿಮೆಯ ಮಾತಿದೆ, ಅದು ಫಾಲ್ಗುಣ, ಇನ್ನೂ ಹಳೇ ವರ್ಷ. ಸಂಗಮದ ಹಾಡಿನಲ್ಲಿ ಚೈತ್ರದ ಹುಣ್ಣಿಮೆ ಸೋಮವಾರ ಬಂತು ಎಂದಿದೆ. ಹಳೆಯ ಕಾಲದ ತಿಥಿಗಳ ಕೋಷ್ಟಕ ಹಿಡಿದು ಕೂತೆ. ದಾಸರ ಜೀವಿತದಲ್ಲಿ ವಿಶ್ವಾವಸು ಎರಡು ಸಲ ಬರುತ್ತದೆ, ಮೊದಲನೆಯದರಲ್ಲಿ ಅವರು ಇನ್ನೂ ಕೂಸು, ಅದನ್ನು ಬಿಟ್ಟೆ. ಎರಡನೆಯದರ ಚೈತ್ರದ ಹುಣ್ಣಿಮೆ ಗುರುವಾರ. ಸೂರ್ಯೋದಯದ ತಿಥಿ ಎಂದು ಒಂದು ದಿನ ಆಚೆ ಈಚೆ ಮಾಡಿದರೂ ಸೋಮವಾರಕ್ಕೆ ಎಟುಕುವುದಿಲ್ಲ. ಮುಂದಿನ ಪರಾಭವದ್ದು ನೋಡಿದೆ. ಸೋಮವಾರ.

ಚಿಕ್ಕಪ್ಪನಿಗೆ ಹೇಳಿದಾಗ ಅವನು ಮೊದಲು ನಕ್ಕ. ಆಮೇಲೆ ಮುಖ ಕೆಂಪಾಯಿತು. ಅತ್ತೆಯ ಮೇಲಿನ ಕನಿಕರಕ್ಕೆ ನಾನು ಲೆಕ್ಕ ತಿರುಚಿದ್ದೇನೆ, ನಾಲ್ಕಕ್ಷರ ಕಲಿತದ್ದಕ್ಕೆ ತಾತನನ್ನೇ ದಡ್ಡ ಮಾಡಹೊರಟಿದ್ದೇನೆ ಎಂದು ರೇಗಾಡಿದ. ನಾನೂ ಬಿಡಲಿಲ್ಲ. ದಾಸರ ಮಾತು ದೊಡ್ಡದೋ ತಾತನದು ದೊಡ್ಡದೋ ಎಂದೆ. ನಕ್ಷೆ ಬೇಡ, ಕಟ್ಟೂ ಬೇಡ ಎಂದು ಎದ್ದುಹೋದ. ನಮ್ಮ ಮನೆಗೆ ಬರುವುದನ್ನೇ ನಿಲ್ಲಿಸಿದ.

ಅತ್ತೆಗೆ ಹೇಳುವುದೋ ಬೇಡವೋ ಎಂದು ಬಹಳ ದಿನ ಒದ್ದಾಡಿದೆ. ದೀಪಾವಳಿ ಕಳೆದ ಮೇಲೆ ದೊಡ್ಡಆಲಹಳ್ಳಿಗೆ ಹೋಗಿ ಹೇಳಿದೆ. ಅವಳು ವಾಕರ್ ಬಿಟ್ಟು ಕೋಲು ಹಿಡಿದಿದ್ದಳು. ಹಲಸಂದೆ ಬಿಡಿಸುತ್ತಾ ಪೂರ್ತಿ ಕೇಳಿದಳು. ಎಲ್ಲಿ ತಿಳಿಯಲಿಲ್ಲವೋ ಅಲ್ಲಿ ತಿರುಗಿ ಕೇಳಿದಳು. ಮಳೂರಿನ ಹಾಡನ್ನು ಮೆಲ್ಲಗೆ ಹಾಡಿಕೊಂಡು ಪಂಚಾಂಗದ ಚರಣ ಬಂದಾಗ ನಿಲ್ಲಿಸಿದಳು.

"ಅಂಗಾರೆ ಅವತ್ತು ನನ್ನ ಬುಟ್ಟೋದೋರು ಯಾರೂ ದಾಸರ ಚೈತ್ರಕ್ಕೆ ಓಗ್ನಿಲ್ಲ ಅನ್ನು."

ಹೌದು ಎಂದೆ. ಅವಳು ನಗುತ್ತಾಳೆ ಎಂದುಕೊಂಡಿದ್ದೆ. ಅವಳಿಗೆ ಅಳು ಬಂತು. ಅವಳು ಅತ್ತದ್ದು ತನಗಾಗಿ ಅಲ್ಲ. ತನ್ನ ಅಪ್ಪ ವಾಪಸ್ಸು ಬಂದಾಗ ಪಾದವೆಲ್ಲ ಬೊಬ್ಬೆ ಎದ್ದಿತ್ತು, ತಾನೇ ಹರಳೆಣ್ಣೆ ಹಚ್ಚಿದ್ದೆ, ಸಾಯುವಾಗಲೂ ಅದನ್ನೇ ನೆನೆದು ಸತ್ತ ಎಂದು ಅತ್ತಳು. ನನಗೆ ಯಾಕಾದರೂ ಹೇಳಿದೆನೋ ಅನ್ನಿಸಿತು. ಸೆರಗಿನಲ್ಲಿ ಮುಖ ಒರೆಸಿಕೊಂಡು, ಬರುವ ಚೈತ್ರಕ್ಕೆ ಕರೆದುಕೊಂಡು ಹೋಗುತ್ತೀಯಾ ಎಂದು ಕೇಳಿದಳು. ನಿನ್ನನ್ನೂ ನನ್ನನ್ನೂ ಬಿಟ್ಟರೆ ಯಾರೂ ಬರುವುದಿಲ್ಲ ಎಂದೆ.

ಈ ವರ್ಷ ಯುಗಾದಿ ಕಳೆಯಿತು. ಮಾಗಡಿಯಿಂದ ಕನಕಪುರದವರೆಗೆ ನನ್ನ ಕಾರಿನಲ್ಲೇ ಕರೆದೊಯ್ದೆ. ಗುಡಿಯಿದ್ದ ಕಡೆ ಇಳಿದು ಒಸಿ ನಡೆದಳು, ದಾಸರ ಹಾಡನ್ನು ದಾಸರು ಹಾಡಿದ ಜಾಗದಲ್ಲೇ ಹಾಡಿದಳು. ರಾಮನವಮಿಯ ಪಾನಕವನ್ನು ದೊಡ್ಡಮಳೂರಿನಲ್ಲೇ ಕುಡಿದೆವು. ಹುಣ್ಣಿಮೆಗೆ ಮುಂಚೆ ಮಾಗಡಿಗೆ ವಾಪಸ್ಸು ಬಂದಿದ್ದೆವು. ಹುಣ್ಣಿಮೆಯ ಬೆಳಿಗ್ಗೆ ಸಂಗಮಕ್ಕೆ ಹೊರಡಬೇಕು, ಅವಳು ಕಾರು ಹತ್ತಲಿಲ್ಲ. ಮೊದಲು ತಮ್ಮನ ಮನೆಗೆ ನಡಿ ಎಂದಳು. ಅವನು ಮುಖ ಕೊಟ್ಟು ಮಾತಾಡುವುದಿಲ್ಲ, ಸುಮ್ಮನೆ ಮನಸ್ಸು ಕೆಡಿಸಿಕೊಳ್ಳಬೇಡ ಎಂದೆ. "ಬುಟ್ಟು ಓಗೋದು ಅಂದ್ರೇನು ಅಂತ ನಂಗೊತ್ತು ಕಣವ್ವ. ಅವನ್ನ ಬುಟ್ಟು ನಾ ಓಗಾಕಿಲ್ಲ" ಎಂದಳು.

ಚಿಕ್ಕಪ್ಪ ಜಗಲಿಯಲ್ಲಿ ಕೂತಿದ್ದ. ನನ್ನನ್ನು ನೋಡಲಿಲ್ಲ. ಅತ್ತೆ ಅವನ ಪಕ್ಕದಲ್ಲಿ ಕೋಲೂರಿ ಕೂತಳು. ಅವನೇ ಕೇಳಿದ, ಹುಡುಗನ ಹಾಗೆ:

"ಅಪ್ಪ ನಡುದ್ದೆಲ್ಲ ಸುಳ್ಳಾಯ್ತಾ ಅಕ್ಕಾ?"

"ಸುಳ್ಯಾಕಾದದ್ಲಾ? ದಾಸರು ಬರೋಕೆ ಮುಂಚೆ ಓಗಿ ಕಾಯ್ತಾ ನಿಂತಿದ್ದ ಅಂದ್ಕೊ. ಏಳು, ಬಿಸ್ಲೇರ್ತದೆ."

ಅವನು ಒಳಗೆ ಹೋದ. ವಾಪಸ್ಸು ಬರುತ್ತಾನೋ ಇಲ್ಲವೋ ಎಂದು ನಾನು ಬಾಗಿಲನ್ನೇ ನೋಡುತ್ತಿದ್ದೆ. ಪಂಚೆ, ಟವೆಲು ಹಿಡಿದು ಬಂದು ಕಾರಿನ ಹಿಂದಿನ ಸೀಟಿನಲ್ಲಿ ಕೂತ.

ಸಂಗಮದಲ್ಲಿ ನೀರು ಮೊಣಕಾಲುದ್ದವಿತ್ತು, ಬಂಡೆಗಳು ಎದ್ದು ಕಾಣುತ್ತಿದ್ದವು. ದಾಸರ ಹಾಡಿನಲ್ಲೂ ಹೊಳೆ ಹಾಗೆಯೇ ಬತ್ತಿದೆ. ಚಿಕ್ಕಪ್ಪ ಒಂದು ತೋಳು ಹಿಡಿದ, ನಾನು ಇನ್ನೊಂದು. ದಡದ ಕೊನೆಗೆ ಬಂದಾಗ ಅವನು ನಿಂತ. ನನಗೂ ನಿಲ್ಲು ಎಂದು ಕಣ್ಣಲ್ಲೇ ಹೇಳಿದ. ಇವತ್ತಿನವರೆಗೆ ನಮ್ಮ ಮನೆಯವರು ಯಾರೂ ಈ ದಿನ ಈ ನೀರಿಗೆ ಇಳಿದಿಲ್ಲ, ಮೊದಲು ನೀನು ಇಳಿ ಎಂದು ಅಕ್ಕನಿಗೆ ಹೇಳಿದ. ನನ್ನ ಲೆಕ್ಕವನ್ನು ಅವನು ಒಪ್ಪಿದ್ದು ಆ ಮಾತಿನಲ್ಲೇ.

ಅತ್ತೆ ಕೋಲೂರಿಕೊಂಡು ಒಬ್ಬಳೇ ಇಳಿದಳು. ಬಂಡೆ ಹಿಡಿದು ಮೆಲ್ಲಗೆ ಕೂತು, ಬೊಗಸೆಯಲ್ಲಿ ನೀರು ತೆಗೆದು ತಲೆಯ ಮೇಲೆ ಹೊಯ್ದುಕೊಂಡಳು. ಅವಳು ದಾಸರ ಹಾಡು ಹಾಡುತ್ತಾಳೆಂದು ನಾವಿಬ್ಬರೂ ಕಾಯುತ್ತಿದ್ದೆವು. ಅವಳು ಹಾಡಲಿಲ್ಲ. ಹರಿಯುವ ನೀರಿನ ಕಡೆ ಮುಖ ಮಾಡಿ, ಪಕ್ಕದ ಮನೆಯವರಿಗೆ ಕೇಳುವಷ್ಟು ದನಿಯಲ್ಲಿ ಹೇಳಿದಳು:

"ಅಪ್ಪಾ, ಬಂದೆ ಕಣಪ್ಪ."